ಓಡುವ ಮಕ್ಕಳ ತಟ್ಟೆ: ಬೆಳೆಯುವ ವಯಸ್ಸಿನ ಕ್ರೀಡಾಪಟುಗಳಿಗೆ ಯಾವಾಗ, ಏನು, ಎಷ್ಟು?

ಪ್ರಾಕ್ಟೀಸ್‌ಗೆ ಹೋಗುವ ಮಕ್ಕಳ ಊಟದ ವಿಷಯ ಬಂದರೆ ಮೊದಲು ಕೇಳುವ ಪ್ರಶ್ನೆ, "ಏನು ಕೊಡಬೇಕು?" ಬಾದಾಮಿ ಕೊಡಬೇಕಾ, ಪ್ರೋಟೀನ್ ಪೌಡರ್ ಬೇಕಾ, ಅನ್ನ ಕಡಿಮೆ ಮಾಡಬೇಕಾ? ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಗಡಿಯಾರ. ನಮ್ಮ ಕಡೆ ಓಡುವ, ಆಡುವ ಹುಡುಗ ಹುಡುಗಿಯರಲ್ಲಿ ಬೇಕಂತಲೇ ಊಟ ಬಿಡುವವರು ಕಮ್ಮಿ. ಪ್ರಾಕ್ಟೀಸ್, ಸ್ನಾನ, ಸ್ಪೆಷಲ್ ಕ್ಲಾಸ್, ಶಾಲೆ, ಟ್ಯೂಷನ್ ಇಷ್ಟರ ನಡುವೆ ಊಟಕ್ಕೆ ಜಾಗವೇ ಇರುವುದಿಲ್ಲ. ರಾತ್ರಿ ಹೊಟ್ಟೆ ತುಂಬ ಉಣ್ಣುತ್ತಾರೆ, ಮನೆಯವರಿಗೆ ಕಾಣುವುದು ಆ ಊಟ ಒಂದೇ. "ಚೆನ್ನಾಗೇ ತಿಂತಾಳಲ್ಲ" ಅಂತ ಸುಮ್ಮನಾಗುತ್ತಾರೆ.

ಮೊದಲು ಒಂದು ದಿನ ಬರೆದಿಡಿ

ಎರಡು ಹೊತ್ತು ಪ್ರಾಕ್ಟೀಸ್ ಇರುವ ಒಂದು ದಿನ ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಎಷ್ಟು ಗಂಟೆಗೆ ಏನು ತಿಂದರು, ಎಷ್ಟು ತಿಂದರು ಅಂತ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆಯಿರಿ. ಇದನ್ನು ದೊಡ್ಡವರು ಬರೆಯುವುದು ಒಳ್ಳೆಯದು. ಮಕ್ಕಳ ಕೈಗೆ ಕ್ಯಾಲೊರಿ ಲೆಕ್ಕ ಕೊಡಬೇಡಿ. ಈ ವಯಸ್ಸಿನಲ್ಲಿ ಅದು ಬೇಗ ಗೀಳಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಕಡೆಯ ಒಂದು ತಾಲ್ಲೂಕು ಊರು. ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುವ, 800 ಮತ್ತು 1500 ಮೀಟರ್ ಓಡುವ 15 ವರ್ಷದ ಹುಡುಗಿ. ತೂಕ 45 ಕೆಜಿ. ಅವಳ ಹಾಳೆ ಹೀಗಿರುತ್ತದೆ ಅಂದುಕೊಳ್ಳಿ.

ಬೆಳಿಗ್ಗೆ 5:15ಕ್ಕೆ ಅರ್ಧ ಲೋಟ ಟೀ. 5:45ರಿಂದ 7:15ರ ತನಕ ಮೈದಾನ. 8:30ಕ್ಕೆ ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸ್, ಹಾಗಾಗಿ ನಿಂತುಕೊಂಡೇ ಎರಡು ಇಡ್ಲಿ, ಚಟ್ನಿ. ಶಾಲೆಯಲ್ಲಿ ಕೊಡುವ ಹಾಲು ಕುಡಿಯುವುದಿಲ್ಲ. ಚಿಕ್ಕ ಮಕ್ಕಳ ಜೊತೆ ಲೋಟ ಹಿಡಿದು ನಿಲ್ಲಲು ನಾಚಿಕೆ. ಮಧ್ಯಾಹ್ನ ಬಿಸಿಯೂಟ. ಸಂಜೆ 4:30ಕ್ಕೆ ಟೀ, ಎರಡು ಬಿಸ್ಕತ್ತು. 5:30ರಿಂದ ಒಂದು ಗಂಟೆ ಮತ್ತೆ ಮೈದಾನದಲ್ಲಿ ವ್ಯಾಯಾಮ. ರಾತ್ರಿ 8:30ಕ್ಕೆ ಒಂದು ಮುದ್ದೆ, ಸಾರು, ಆಮೇಲೆ ಅನ್ನ.

ಒಟ್ಟು ಅಂದಾಜು 1540 ಕ್ಯಾಲೊರಿ. ಟೀಗೆ 50, ಇಡ್ಲಿ ಚಟ್ನಿಗೆ 170, ಬಿಸಿಯೂಟಕ್ಕೆ 550, ಸಂಜೆಯ ಟೀ ಬಿಸ್ಕತ್ತಿಗೆ 120, ರಾತ್ರಿ ಊಟಕ್ಕೆ 650. ಓಟಕ್ಕೂ ವ್ಯಾಯಾಮಕ್ಕೂ ಸೇರಿ ಸುಮಾರು 500 ಖರ್ಚಾಗುತ್ತದೆ. ಓಡಿದರೆ ಕಿಲೋಮೀಟರಿಗೆ, ಮೈತೂಕದ ಒಂದೊಂದು ಕೆಜಿಗೂ ಹತ್ತಿರಹತ್ತಿರ ಒಂದು ಕ್ಯಾಲೊರಿ ಬೇಕು ಅನ್ನುವುದು ಸುಲಭದ ಅಂದಾಜು. ಹಾಗಾದರೆ ಮಿಕ್ಕಿದ್ದು 1040. ಎದ್ದು ಓಡಾಡುವುದು, ಓದುವುದು, ಎತ್ತರ ಬೆಳೆಯುವುದು, ಮೂಳೆ ಗಟ್ಟಿಯಾಗುವುದು, ರಕ್ತ ಆಗುವುದು, ತಿಂಗಳು ತಿಂಗಳು ಮುಟ್ಟಾಗುವುದು ಎಲ್ಲವೂ ಈ 1040ರಲ್ಲೇ ನಡೆಯಬೇಕು.

ಇದು ಸಾಲುತ್ತದಾ ಅಂತ ನೋಡುವ ಒಂದು ವಿಧಾನ ಇದೆ. ಪ್ರಾಕ್ಟೀಸ್ ಖರ್ಚು ಕಳೆದು ಉಳಿದ ಕ್ಯಾಲೊರಿಯನ್ನು, ಕೊಬ್ಬು ಬಿಟ್ಟು ಉಳಿದ ಮೈತೂಕದಿಂದ ಭಾಗಿಸುವುದು. ಇವಳಲ್ಲಿ ಕೊಬ್ಬು ಬಿಟ್ಟರೆ ತೂಕ ಸುಮಾರು 36 ಕೆಜಿ. 1040 ಭಾಗಿಸು 36 ಅಂದರೆ 29 ಬರುತ್ತದೆ. ಈ ಸಂಖ್ಯೆ 45ರ ಸುತ್ತಮುತ್ತ ಇದ್ದರೆ ದೇಹದ ಎಲ್ಲ ಕೆಲಸವೂ ಸಲೀಸಾಗಿ ನಡೆಯುತ್ತದೆ. 30ಕ್ಕಿಂತ ಕೆಳಗಿಳಿದು ಬಹಳ ದಿನ ಹಾಗೇ ಉಳಿದರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಮೊದಲು ನಿಲ್ಲುವುದು ಅವತ್ತಿಗೆ ಜೀವಕ್ಕೆ ಬೇಕಿಲ್ಲದ್ದು, ಅಂದರೆ ಮುಟ್ಟು, ಬೆಳವಣಿಗೆ, ಮೂಳೆಯ ರಿಪೇರಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಅಂತ ಹೆಸರಿಟ್ಟರು. ಇದು ಹುಡುಗರಿಗೂ ಬರುತ್ತದೆ.

ಈ ಲೆಕ್ಕ ಒಂದೇ ಒಂದು ಸಲ, ಪರಿಸ್ಥಿತಿ ಅರ್ಥವಾಗಲಿಕ್ಕೆ. ದಿನಾ ಮಾಡುವಂಥದ್ದಲ್ಲ. ಹಾಳೆಯಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಹಿಂದಿನ ರಾತ್ರಿ ಊಟದಿಂದ ಮಾರನೇ ದಿನ ಮಧ್ಯಾಹ್ನದ ತನಕ, ಸುಮಾರು 16 ಗಂಟೆಯಲ್ಲಿ ಅವಳಿಗೆ ಸಿಕ್ಕಿದ್ದು ಅರ್ಧ ಲೋಟ ಟೀ ಮತ್ತು ಎರಡು ಇಡ್ಲಿ. ದಿನದ ಗಟ್ಟಿ ಪ್ರಾಕ್ಟೀಸ್ ಬಂದಿದ್ದು ಅದೇ ಹೊತ್ತಿನಲ್ಲಿ.

ಮೈದಾನಕ್ಕೆ ಖಾಲಿ ಹೊಟ್ಟೆಯಲ್ಲಿ ಬೇಡ

ರಾತ್ರಿಯೆಲ್ಲ ಉಪವಾಸ ಇದ್ದ ಮೇಲೆ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಅಂಶ ಬಹಳಷ್ಟು ಖಾಲಿಯಾಗಿರುತ್ತದೆ. ಅದೇ ಸ್ಥಿತಿಯಲ್ಲಿ 400 ಮೀಟರ್ ರಿಪೀಟ್ ಓಡಿಸಿದರೆ ಮೂರನೆಯದಕ್ಕೇ ಕಾಲು ಎಳೆಯುತ್ತದೆ. "ಇವಳಿಗೆ ಸ್ಟ್ಯಾಮಿನಾ ಇಲ್ಲ" ಅನ್ನುವ ಮಾತು ಎಷ್ಟೋ ಸಲ ಹುಟ್ಟುವುದು ಇಲ್ಲೇ.

ಬೇಕಾಗಿರುವುದು ಸುಲಭವಾಗಿ ಕರಗುವ, 30ರಿಂದ 40 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಏನಾದರೂ. ಒಂದು ದೊಡ್ಡ ಬಾಳೆಹಣ್ಣು ಸಾಕು. ಅಥವಾ ನಾಲ್ಕೈದು ಖರ್ಜೂರ. ಇಲ್ಲವಾದರೆ ರಾಗಿ ಮಾಲ್ಟ್: 30 ಗ್ರಾಂ ಹುರಿಹಿಟ್ಟು, ಅಂದರೆ ಸುಮಾರು ಮೂರು ದೊಡ್ಡ ಚಮಚ, 15 ಗ್ರಾಂ ಬೆಲ್ಲ, ಅರ್ಧ ಲೋಟ ಹಾಲು, ಮಿಕ್ಕಿದ್ದು ನೀರು. ರಾತ್ರಿಯೇ ಕುದಿಸಿ ಫ್ಲಾಸ್ಕಿಗೆ ಹಾಕಿಟ್ಟರೆ ಐದು ಗಂಟೆಗೆ ಅಡುಗೆಮನೆಯಲ್ಲಿ ಯಾರೂ ಒದ್ದಾಡಬೇಕಿಲ್ಲ. ತೆಳ್ಳಗಿರಲಿ. ಗಟ್ಟಿ ಇದ್ದರೆ ಓಡುವಾಗ ಹೊಟ್ಟೆಯಲ್ಲಿ ಕುಲುಕುತ್ತದೆ.

"ಬೆಳಿಗ್ಗೆ ತಿಂದರೆ ವಾಂತಿ ಬಂದ ಹಾಗಾಗುತ್ತೆ" ಅನ್ನುವ ಮಕ್ಕಳು ಜಾಸ್ತಿ. ಅವರಿಗೆ ಮೊದಲ ವಾರ ಅರ್ಧ ಬಾಳೆಹಣ್ಣು, ಅದೂ ವಾರ್ಮಪ್ಪಿಗೆ ಅರ್ಧ ಗಂಟೆ ಮುಂಚೆ. ಹೊಟ್ಟೆಗೂ ಅಭ್ಯಾಸ ಬೇಕು. ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ಒಗ್ಗುತ್ತದೆ. ಕಡಲೆಬೀಜ, ತುಪ್ಪ, ಕಾಳು ಈ ಹೊತ್ತಿಗೆ ಬೇಡ, ಅವು ಕರಗಲು ನಿಧಾನ.

ಮುಗಿದ ಮೇಲಿನ ಒಂದು ಗಂಟೆ

ಇಡೀ ದಿನದಲ್ಲಿ ಒಂದೇ ಒಂದು ಹೊತ್ತು ಸರಿಮಾಡಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಖಾಲಿಯಾದ ಸ್ನಾಯು ಈಗ ಸಕ್ಕರೆ ಅಂಶವನ್ನು ಬೇಗ ಒಳಗೆ ತೆಗೆದುಕೊಳ್ಳುತ್ತದೆ. ಸಂಜೆ ಮತ್ತೆ ಪ್ರಾಕ್ಟೀಸ್ ಇರುವವರಿಗಂತೂ ಈ ಹೊತ್ತು ತಪ್ಪಿದರೆ ಸಂಜೆಗೆ ಕಾಲು ಭಾರ.

45 ಕೆಜಿ ಹುಡುಗಿಗೆ ಈ ತಿಂಡಿಯಲ್ಲಿ ಸುಮಾರು 15 ಗ್ರಾಂ ಪ್ರೋಟೀನ್ ಇರಬೇಕು, ಜೊತೆಗೆ ಹೊಟ್ಟೆ ತುಂಬುವಷ್ಟು ಅನ್ನದ ಅಥವಾ ರವೆಯ ಪದಾರ್ಥ. ನಾಲ್ಕು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ ಇದ್ದರೆ ಆಯಿತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇರುತ್ತದೆ. ಮೊಟ್ಟೆ ತಿನ್ನದ ಮನೆಯಲ್ಲಿ ಒಂದು ದೊಡ್ಡ ಲೋಟ ಹಾಲು, ಜೊತೆಗೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ. ಚಿತ್ರಾನ್ನವೋ ಅವಲಕ್ಕಿಯೋ ಆದರೆ ಒಂದು ಹಿಡಿ ಕಡಲೆಬೀಜ ಜಾಸ್ತಿ ಹಾಕಿ, ಪಕ್ಕದಲ್ಲಿ ಮೊಸರು ಇರಲಿ.

"ಟೈಮೇ ಇರಲ್ಲ" ಅನ್ನುವುದು ನಿಜವಾದ ಸಮಸ್ಯೆ. ನಮ್ಮ ಉದಾಹರಣೆಯ ಹುಡುಗಿಗೆ ಮನೆಗೆ ಬಂದು ಹೊರಡುವ ನಡುವೆ ಇರುವುದು ಅರ್ಧ ಮುಕ್ಕಾಲು ಗಂಟೆ. ಇಲ್ಲಿ ಡಬ್ಬಿ ಮೈದಾನಕ್ಕೇ ಹೋಗಬೇಕು. ಮೊಟ್ಟೆ, ಇಡ್ಲಿ ಡಬ್ಬಿಗೆ ಹಾಕಿ ಬ್ಯಾಗಿನಲ್ಲಿಟ್ಟರೆ ಕೂಲ್‌ಡೌನ್ ಮುಗಿಸಿ ಶೂ ಬಿಚ್ಚುತ್ತಾ ಅರ್ಧ ತಿಂದುಬಿಡಬಹುದು, ಮಿಕ್ಕಿದ್ದು ಮನೆಯಲ್ಲಿ. ಚಟ್ನಿ ಬೇಡ, ಚೆಲ್ಲುತ್ತದೆ. ಚಟ್ನಿಪುಡಿಗೆ ತುಪ್ಪ ಕಲಸಿ ಇಡ್ಲಿಗೆ ಸವರಿ ಕಳಿಸಿ.

ಮಿಕ್ಕ ದಿನ

ಶಾಲೆಯ ಹಾಲನ್ನು ಬಿಡಬಾರದು. ಕ್ಷೀರಭಾಗ್ಯದ ಹಾಲು ಹತ್ತನೇ ತರಗತಿ ತನಕ ಸಿಗುತ್ತದೆ, ಕೆಲವು ದಿನ ರಾಗಿ ಮಾಲ್ಟ್ ಬೆರೆಸಿಯೂ ಕೊಡುತ್ತಾರೆ. ಬಿಸಿಯೂಟದ ಮೊಟ್ಟೆಯೂ ಹಾಗೇ. ನಾಚಿಕೆಗೆ ಮದ್ದು ಪಿಟಿ ಮೇಷ್ಟ್ರ ಕೈಯಲ್ಲಿದೆ. ಟೀಮಿನವರೆಲ್ಲ ಒಟ್ಟಿಗೆ ಬಂದು ಕುಡಿಯಬೇಕು ಅಂತ ಅವರು ಒಂದು ಮಾತು ಹೇಳಿದರೆ ಮುಗಿಯಿತು.

ಬೆಳಗಿನ ಬಿಡುವಿಗೆ ಒಂದು ಕಡಲೆಬೀಜದ ಚಿಕ್ಕಿ. ಸಂಜೆ 4:30ಕ್ಕೆ ಟೀ ಬಿಸ್ಕತ್ತಿನ ಬದಲು ಒಂದು ತಟ್ಟೆ ಅವಲಕ್ಕಿ ಒಗ್ಗರಣೆ. ಮಂಡಕ್ಕಿ ತಟ್ಟೆ ತುಂಬ ಕಂಡರೂ ಅದರಲ್ಲಿ ಬಲ ಕಡಿಮೆ. ಅದೇ ಇರುವುದಾದರೆ ಹುರಿಗಡಲೆ, ಕಡಲೆಬೀಜ ಧಾರಾಳವಾಗಿ ಬೀಳಲಿ. ರಾತ್ರಿ ಊಟ ಇದ್ದ ಹಾಗೇ ಇರಲಿ, ಮೇಲೊಂದು ಚಮಚ ತುಪ್ಪ.

ಈಗ ಕೂಡಿಸಿ ನೋಡೋಣ. ಬೆಳಗಿನ ಟೀ ಹೋಯಿತು, 50 ಕಳೆಯಿತು. ಮಾಲ್ಟಿನಿಂದ 220, ಜಾಸ್ತಿ ಎರಡು ಇಡ್ಲಿ ಮತ್ತು ಎರಡು ಮೊಟ್ಟೆಯಿಂದ 270, ಶಾಲೆಯ ಹಾಲಿನಿಂದ 100, ಚಿಕ್ಕಿಯಿಂದ 150, ಸಂಜೆ ತಿಂಡಿ ಬದಲಿಸಿದ್ದರಿಂದ 130, ತುಪ್ಪದಿಂದ 45. ಒಟ್ಟು 2405. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 13ರಿಂದ 15 ವರ್ಷದ ಹುಡುಗಿಯರಿಗೆ ಹೇಳುವ ಅಂದಾಜು ಅಗತ್ಯವೂ ಸುಮಾರು 2400. ಪ್ರಾಕ್ಟೀಸಿನ 500 ಕಳೆದು 36ರಿಂದ ಭಾಗಿಸಿದರೆ 53 ಹತ್ತಿರ ಬರುತ್ತದೆ. ಬೆಳೆಯುವ ದೇಹಕ್ಕೆ 45ರ ಮೇಲೆ ಇಷ್ಟು ಮಿಗತೆ ಇರಬೇಕಾದ್ದೇ. ರಾತ್ರಿ ಊಟವನ್ನು ನಾವು ಹೆಚ್ಚುಕಮ್ಮಿ ಮುಟ್ಟಲೇ ಇಲ್ಲ ಅನ್ನುವುದನ್ನು ಗಮನಿಸಿ. ಸೇರಿದ್ದೆಲ್ಲ ಹಗಲಿಗೆ.

ಹುಡುಗರಿಗೆ ಇನ್ನೂ ಜಾಸ್ತಿ ಬೇಕು. ಅದೇ ಸಂಸ್ಥೆಯ ಲೆಕ್ಕದಲ್ಲಿ 16ರಿಂದ 18ರ ಹುಡುಗನಿಗೆ 3300 ದಾಟುತ್ತದೆ. ಎಷ್ಟು ತಿಂದರೂ "ಇನ್ನೂ ಇದೆಯಾ?" ಅಂತ ಕೇಳುವ ಮಗನನ್ನು ಹೊಟ್ಟೆಬಾಕ ಅನ್ನಬೇಡಿ, ಬಡಿಸಿ.

ರಾಗಿ, ಸೊಪ್ಪು, ಟೀ

ರಾಗಿ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ಸಾಧಾರಣ ಮುದ್ದೆಗೆ ಹೆಚ್ಚುಕಮ್ಮಿ ಅಷ್ಟು ಹಿಟ್ಟು ಹಿಡಿಯುತ್ತದೆ. ಈ ವಯಸ್ಸಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಮುದ್ದೆ, ಮಾಲ್ಟ್, ಎರಡು ಹೊತ್ತು ಹಾಲು, ಒಂದು ಬಟ್ಟಲು ಮೊಸರು ಸೇರಿದರೆ ಅದರ ಹತ್ತಿರ ಹೋಗಬಹುದು. ಆದರೆ ರಾಗಿಯಲ್ಲಿರುವುದು ಪೂರ್ತಿ ದೇಹಕ್ಕೆ ಸಿಗುವುದಿಲ್ಲ. ಅದರಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹುರಿದ ಹುರಿಹಿಟ್ಟಿನಲ್ಲಿ ಈ ತೊಂದರೆ ಕಮ್ಮಿ.

ಇನ್ನೊಂದು ಮಾತು ಹೇಳಬೇಕು. ಮುದ್ದೆ, ಸೊಪ್ಪು, ಕಾಳು ಬೇಗ ಹೊಟ್ಟೆ ತುಂಬಿಸುತ್ತವೆ. ಕೂತು ಕೆಲಸ ಮಾಡುವ ಅಪ್ಪ ಅಮ್ಮನಿಗೆ ಅದು ವರ. ಎರಡು ಹೊತ್ತು ಓಡುವ ಮಗುವಿಗೆ ಬೇಕಾದಷ್ಟು ಒಳಗೆ ಹೋಗುವ ಮೊದಲೇ ಹೊಟ್ಟೆ ತುಂಬಿಬಿಡುತ್ತದೆ. ಮನೆಯಲ್ಲಿ ಯಾರೋ ಸಕ್ಕರೆ ಕಾಯಿಲೆಗೆ ಅಂತ ಅನ್ನ ಬಿಟ್ಟರೆ ಮಕ್ಕಳ ತಟ್ಟೆಯಿಂದಲೂ ಅನ್ನ ಮಾಯವಾಗಬಾರದು. ಬಿಳಿ ಅನ್ನ, ಬೆಲ್ಲ, ತುಪ್ಪ, ಬಾಳೆಹಣ್ಣು ಇವರಿಗೆ ಬೇಕು.

ಕಬ್ಬಿಣದ ವಿಷಯದಲ್ಲಿ ಎರಡೇ ಅಭ್ಯಾಸ. ಊಟದ ಜೊತೆಗೂ ಊಟ ಆದ ಒಂದು ಗಂಟೆ ತನಕವೂ ಟೀ ಕಾಫಿ ಬೇಡ. ಬಸ್ಸಾರು, ಸೊಪ್ಪಿನ ಪಲ್ಯ, ಉಸಲಿಗೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಊಟದ ಜೊತೆ ಸೀಬೆಹಣ್ಣು ಕೊಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಊಟ ಆದ ಮೇಲೆ ನುಂಗಲಿ, ಕಿಟಕಿಯಾಚೆ ಎಸೆಯದಿರಲಿ. ಸುಸ್ತು ಜಾಸ್ತಿ ಇದ್ದರೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಲು ಡಾಕ್ಟರನ್ನು ಕೇಳಿ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಮೊದಲು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಪರೀಕ್ಷೆ ಇಲ್ಲದೆ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಸುವುದು ಬೇಡ.

"ತೂಕ ಜಾಸ್ತಿ ಆಗಿದೆ" ಅಂದರೆ

ಈ ಮಾತುಕತೆ ಎಷ್ಟೋ ಮೈದಾನದ ಬದಿಯಲ್ಲಿ ನಡೆಯುತ್ತದೆ.

"ಅಮ್ಮಾ, ಮಗಳು ಹೋದ ವರ್ಷಕ್ಕಿಂತ ದಪ್ಪ ಆಗಿದ್ದಾಳೆ. ಟೈಮಿಂಗ್ ಇಳೀತಿಲ್ಲ. ರಾತ್ರಿ ಅನ್ನ ಬಿಡಿಸಿ."

"ಸರಿ ಸಾರ್, ಚಪಾತಿ ಕೊಡ್ತೀನಿ."

ಅಲ್ಲಿಗೆ ಮುಗಿಯಿತು. ಹುಡುಗಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿರುತ್ತಾಳೆ.

ನಿಜವಾಗಿ ಏನಾಗಿರುತ್ತದೆ ಅಂದರೆ, ಹುಡುಗಿಯರು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಎತ್ತರ ಬೆಳೆಯುತ್ತಾರೆ. ಮೂಳೆ ಗಟ್ಟಿಯಾಗುವ ಕೆಲಸ ಅದರ ಹಿಂದೆಯೇ ಬರುತ್ತದೆ. ಬೆಳೆದ ಮೇಲೆ ಇರುವ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಆ ಆಸುಪಾಸಿನ ಎರಡು ವರ್ಷದಲ್ಲೇ ತುಂಬುತ್ತದೆ. ಹುಡುಗಿಯರಿಗೆ ಸೊಂಟ ಅಗಲವಾಗುತ್ತದೆ, ಕೊಬ್ಬು ಸ್ವಲ್ಪ ಸೇರುತ್ತದೆ. ಕೈಕಾಲಿನ ಉದ್ದ ಬದಲಾಗಿ ಓಟದ ಹೆಜ್ಜೆಯೂ ಬದಲಾಗುತ್ತದೆ. ಒಂದೆರಡು ಸೀಸನ್ ಟೈಮಿಂಗ್ ನಿಂತುಬಿಡುವುದು, ಸ್ವಲ್ಪ ಹಿಂದೆ ಬೀಳುವುದೂ ಸಹಜ. ಈ ಹೊತ್ತಿಗೆ ಊಟ ಕಡಿಮೆ ಮಾಡಿದರೆ ಮೊದಲೆರಡು ತಿಂಗಳು ಟೈಮಿಂಗ್ ಇಳಿಯಲೂಬಹುದು. ಮೋಸವಿರುವುದೇ ಅಲ್ಲಿ. ಕೋಚ್ ಹೇಳಿದ್ದು ಸರಿ ಅನ್ನಿಸುತ್ತದೆ, ಆಮೇಲೆ ಕಾಲು ನೋವು ಶುರುವಾಗುತ್ತದೆ.

ಅಮೆರಿಕದ ಮೇರಿ ಕೇನ್ 17ನೇ ವಯಸ್ಸಿಗೆ, 2013ರಲ್ಲಿ, ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ 1500 ಮೀಟರ್ ಓಡಿದವಳು. ತೂಕ ಇಳಿಸುವಂತೆ ತರಬೇತಿಯಲ್ಲಿ ಒತ್ತಡ ಇತ್ತು, ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಅಂತ 2019ರಲ್ಲಿ ಅವಳೇ ಹೇಳಿಕೊಂಡಳು.

ಹಾಗಾಗಿ ಕೋಚ್‌ಗೆ ಹೀಗೆ ಹೇಳಿ: "ಸಾರ್, ಊಟದ ವಿಷಯ ನಾವು ಡಾಕ್ಟರ್ ಹತ್ತಿರ ಮಾತಾಡ್ತೀವಿ. ಅವಳ ಮುಂದೆ ತೂಕದ ಮಾತು ಬೇಡ." ಜಗಳ ಬೇಕಿಲ್ಲ, ಇಷ್ಟು ಸಾಕು. ವಾರಾವಾರ ತೂಕ ನೋಡುವುದನ್ನು ನಿಲ್ಲಿಸಿ. ಅದರ ಬದಲು ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಬೆಳೆಯುತ್ತಿದ್ದ ಎತ್ತರ ತಟಕ್ಕನೆ ನಿಂತರೆ, ಅಥವಾ ಎತ್ತರ ಏರುತ್ತಿದ್ದರೂ ತೂಕ ಏರದಿದ್ದರೆ ವಿಚಾರಿಸಬೇಕು.

ಕಬಡ್ಡಿ, ಕುಸ್ತಿಯವರಿಗೆ ತೂಕದ ಮಿತಿಯೇ ಇದೆ. ಸಬ್‌ಜೂನಿಯರ್ ಕಬಡ್ಡಿಗೆ 55 ಕೆಜಿ. ಅದರೊಳಗೆ ನಿಲ್ಲಲು ಹಿಂದಿನ ದಿನ ನೀರು ಬಿಡುವುದು, ಸ್ವೆಟರ್ ಹಾಕಿ ಓಡುವುದು ನಡೆಯುತ್ತದೆ. ಇದು ಅಪಾಯ. ಬೆಳೆದು ಮಿತಿ ದಾಟಿದ ಮಗುವನ್ನು ಮೇಲಿನ ವಿಭಾಗಕ್ಕೆ ಕಳಿಸುವುದೊಂದೇ ಸರಿ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಬರುತ್ತಿದ್ದ ಮುಟ್ಟು ಮೂರು ತಿಂಗಳು ಬರದಿದ್ದರೆ, ಅಥವಾ 15 ತುಂಬಿದರೂ ಮೊದಲ ಮುಟ್ಟು ಆಗಿರದಿದ್ದರೆ ಕಾಯಬೇಡಿ. "ಓಡೋ ಹುಡುಗಿಯರಿಗೆ ಹಾಗೇ" ಅನ್ನುವ ಮಾತನ್ನು ಎಷ್ಟೋ ಅಮ್ಮಂದಿರು ನಂಬಿದ್ದಾರೆ. ಅದು ಸರಿಯಲ್ಲ.

ಮೊಣಕಾಲ ಕೆಳಗಿನ ಮೂಳೆಯಲ್ಲಿ, ಒಂದು ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಲ್ಲ ನೋವಿದ್ದರೆ, ಒಂಟಿ ಕಾಲಲ್ಲಿ ಕುಣಿದಾಗ ಅದು ಜಾಸ್ತಿಯಾದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೂಳೆಯ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂತ ಮಾರನೇ ದಿನವೇ ಓಡಿಸಬೇಡಿ. ಪದೇಪದೇ ನೆಗಡಿ, ರಜೆ ಕೊಟ್ಟರೂ ಹೋಗದ ಸುಸ್ತು, ಎಲ್ಲದಕ್ಕೂ ಸಿಡಿಸಿಡಿ, ಎಲ್ಲರ ಜೊತೆ ಕೂತು ಉಣ್ಣದಿರಲು ನೆಪ ಹುಡುಕುವುದು, ಇವೂ ಸೂಚನೆಗಳೇ. ಕೊನೆಯದು ಕಂಡರೆ ಗದರಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಪೌಡರ್ ಬಗ್ಗೆ ಎರಡೇ ಮಾತು. ಇವರಲ್ಲಿ ಕೊರತೆ ಇರುವುದು ಹೆಚ್ಚಾಗಿ ಒಟ್ಟು ಊಟದಲ್ಲಿ, ಅದನ್ನು ಒಂದು ಸ್ಕೂಪ್ ಪ್ರೋಟೀನ್ ತುಂಬುವುದಿಲ್ಲ. ಡಬ್ಬದ ಮೇಲೆ ಬರೆಯದ ನಿಷೇಧಿತ ಪದಾರ್ಥ ಒಳಗೆ ಇರುವುದೂ ಉಂಟು, ಡೋಪಿಂಗ್ ಪರೀಕ್ಷೆಯಲ್ಲಿ "ಗೊತ್ತಿರಲಿಲ್ಲ" ಅಂದರೆ ಪಾರಾಗುವುದು ಕಷ್ಟ.

ಕ್ರೀಡಾಕೂಟದ ದಿನ

ಜಿಲ್ಲಾ ಮಟ್ಟದ ಕೂಟ, ಬೆಳಿಗ್ಗೆ 10:30ಕ್ಕೆ ಹೀಟ್ಸ್, ಮಧ್ಯಾಹ್ನ 3:30ಕ್ಕೆ ಫೈನಲ್ ಅಂದುಕೊಳ್ಳಿ. 7:30ಕ್ಕೆ ರೂಢಿಯ ತಿಂಡಿ: ಇಡ್ಲಿ ಅಥವಾ ಉಪ್ಪಿಟ್ಟು, ಬಾಳೆಹಣ್ಣು. ಮೈದಾನದ ಬದಿಯ ಪೂರಿ, ಬಜ್ಜಿ ಓಟ ಮುಗಿಯುವ ತನಕ ಬೇಡ. ಹೀಟ್ಸ್ ಆದ ಹದಿನೈದು ನಿಮಿಷಕ್ಕೆ ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು, ಎರಡು ಬಾಳೆಹಣ್ಣು. 12 ಗಂಟೆ ಸುಮಾರಿಗೆ ಮನೆಯಿಂದ ತಂದ ಮೊಸರನ್ನ, ಅದೂ ಮುಕ್ಕಾಲು ಹೊಟ್ಟೆ. ಮೊಸರು ಬಿಸಿಲಿಗೆ ಹುಳಿಯಾಗದ ಹಾಗೆ ಹಾಲು ಜಾಸ್ತಿ ಹಾಕಿ, ಮೊಸರು ಕಮ್ಮಿ ಬೆರೆಸಿ ಕಲಸಿ. 2:45ಕ್ಕೆ ಮೂರು ಖರ್ಜೂರ, ಎರಡು ಗುಟುಕು ನೀರು. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ ಅಂತ ಅರ್ಥ. ಕೂಟಗಳಲ್ಲಿ ಟೈಮ್‌ಟೇಬಲ್ ತಡವಾಗುವುದು ಮಾಮೂಲಿ, ಫೈನಲ್ ಐದು ಗಂಟೆಗೆ ಹೋದರೂ ಹೋಯಿತು. ಅದಕ್ಕೇ ಡಬ್ಬಿಯಲ್ಲಿ ಇನ್ನೊಂದು ಬಾಳೆಹಣ್ಣು, ಎರಡು ಚಿಕ್ಕಿ ಹೆಚ್ಚಿಗೆ ಇರಲಿ. ಫೈನಲ್ ಬೇಗ ಮುಗಿದರೆ ವಾಪಸ್ ಬರುವ ಬಸ್ಸಿನಲ್ಲಿ ಅವು ಖಾಲಿಯಾಗುತ್ತವೆ.